ಮೆಂತ್ಯದ ಲೋಳೆ ಮಾಡುವ ಕೆಲಸ

ರಾತ್ರಿ ನೀರಿಗೆ ಹಾಕಿಟ್ಟ ಮೆಂತ್ಯದ ಒಂದು ಕಾಳನ್ನು ಬೆಳಿಗ್ಗೆ ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಹಿಚುಕಿ. ಸಿಪ್ಪೆ ಜಾರಿ ಬರುತ್ತದೆ, ಒಳಗಿನ ಹಳದಿ ಬೇಳೆ ಎರಡು ಹೋಳಾಗಿ ಆಚೆ ಬೀಳುತ್ತದೆ. ಬೆರಳಿಗೆ ಉಳಿಯುವುದು ಸಿಪ್ಪೆಗೆ ಅಂಟಿಕೊಂಡಿರುವ, ಗಾಜಿನ ಹಾಗೆ ಬೆಳಕು ಹಾಯುವ, ಜಾರುವ ಒಂದು ಪದರ. ಒಣಕಾಳಿನಲ್ಲಿ ಅದು ಇದ್ದದ್ದೇ ತಿಳಿಯುವುದಿಲ್ಲ, ನೀರು ಕುಡಿದ ಮೇಲೆ ಹಲವು ಪಟ್ಟು ಉಬ್ಬುತ್ತದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಗೂ ಮೆಂತ್ಯಕ್ಕೂ ಇರುವ ನಂಟಿನ ಬಹುಪಾಲು ಈ ಪದರದಲ್ಲಿದೆ. ಅದರಲ್ಲಿರುವ ನಾರಿನ ಹೆಸರು ಗ್ಯಾಲಕ್ಟೋಮನ್ನಾನ್.

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಬೆಳಿಗ್ಗೆ ಎದ್ದ ಕೂಡಲೇ ಮೆಂತ್ಯ ನೆನೆಸಿದ ನೀರನ್ನು ಸೋಸಿ ಕುಡಿದು, ಕಾಳನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುವುದು ಅವರ ಪದ್ಧತಿ. ಒಮ್ಮೆ ನಾನು, "ಅತ್ತೆ, ಮದ್ದು ಗಿಡಕ್ಕೆ ಹೋಗ್ತಿದೆ, ನೀವು ಲೋಟ ತೊಳೆದ ನೀರು ಕುಡೀತಿದ್ದೀರಿ" ಅಂದೆ. ಅವರಿಗೆ ಸಿಟ್ಟು ಬಂತು. ನಾನು ಹಾಗೆ ಅಂದದ್ದೇಕೆ ಎನ್ನುವುದಕ್ಕೆ ಲೋಳೆಯ ಕಥೆಯನ್ನೇ ಹೇಳಬೇಕು.

ಮೆಂತ್ಯ ಈ ಲೋಳೆಯನ್ನು ಕಟ್ಟಿಕೊಂಡಿರುವುದು ತನಗಾಗಿ. ಮೊಳಕೆ ಒಡೆಯುವ ಹೊತ್ತಿನಲ್ಲಿ ಮಣ್ಣು ಒಣಗಿದರೆ ಒಳಗಿನ ಸಸಿ ಸಾಯುತ್ತದೆ. ಅದಕ್ಕೆ ಬೀಜ ತನ್ನ ಸುತ್ತ ನೀರು ಹಿಡಿದಿಡುವ ಒಂದು ಒದ್ದೆ ಹೊದಿಕೆಯನ್ನು ಇಟ್ಟುಕೊಂಡಿದೆ. ಬೇರು ಹೊರಗೆ ಬಂದ ಮೇಲೆ ಅದೇ ಹೊದಿಕೆಯನ್ನು ಕರಗಿಸಿ ಸಸಿಗೆ ಉಣಿಸುತ್ತದೆ. ಹೊದಿಕೆಯೂ ಅದೇ, ಬುತ್ತಿಯೂ ಅದೇ.

ಇದರ ಕಟ್ಟು ಹೇಗಿದೆ ಎಂದರೆ, ಹಬ್ಬದ ದಿನ ಬಾಗಿಲಿಗೆ ಕಟ್ಟುವ ಮಾವಿನ ತೋರಣವನ್ನು ನೆನೆಸಿಕೊಳ್ಳಿ. ಉದ್ದನೆಯ ದಾರ ಮ್ಯಾನೋಸ್ ಎಂಬ ಸಕ್ಕರೆಯ ಸರಪಳಿ. ಅದರಿಂದ ನೇತಾಡುವ ಎಲೆಗಳು ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ. ಬರೀ ದಾರಗಳಾಗಿದ್ದರೆ ಒಂದಕ್ಕೊಂದು ಅಂಟಿ ಗಟ್ಟಿ ಕಟ್ಟಾಗುತ್ತಿದ್ದವು, ನೀರಿಗೆ ಜಾಗ ಸಿಗುತ್ತಿರಲಿಲ್ಲ. ಎಲೆಗಳು ಅಡ್ಡ ಇರುವುದರಿಂದ ದಾರಗಳು ದೂರ ದೂರ ನಿಲ್ಲುತ್ತವೆ, ನಡುವೆ ನೀರು ನುಗ್ಗುತ್ತದೆ. ಗೋರಿಕಾಯಿಯ ಬೀಜದಲ್ಲೂ ಇಂಥದೇ ಗೋಂದು ಇದೆ, ಆದರೆ ಅಲ್ಲಿ ಸರಾಸರಿ ಎರಡು ಮ್ಯಾನೋಸಿಗೆ ಒಂದು ಎಲೆ. ಮೆಂತ್ಯದಲ್ಲಿ ಹೆಚ್ಚುಕಡಿಮೆ ಪ್ರತಿ ಮ್ಯಾನೋಸಿಗೂ ಒಂದು. ಅದಕ್ಕೇ ಅದು ತಣ್ಣೀರಿನಲ್ಲೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.

ಇದನ್ನು ನಮ್ಮ ಜೀರ್ಣರಸಗಳು ಕತ್ತರಿಸಲಾರವು. ಅನ್ನದ ಪಿಷ್ಟವೂ ಸಕ್ಕರೆಗಳ ಸರಪಳಿಯೇ, ಆದರೆ ಅದರ ಗಂಟುಗಳನ್ನು ಬಿಚ್ಚುವ ಕಿಣ್ವ ನಮ್ಮ ಎಂಜಲಿನಲ್ಲೂ ಇದೆ, ಮೇದೋಜೀರಕ ಗ್ರಂಥಿಯ ರಸದಲ್ಲೂ ಇದೆ. ಮ್ಯಾನೋಸ್ ಸರಪಳಿಯ ಗಂಟಿಗೆ ಅಂಥ ಕತ್ತರಿ ನಮ್ಮಲ್ಲಿಲ್ಲ. ಹಾಗಾಗಿ ಲೋಳೆ ಲೋಳೆಯಾಗಿಯೇ ಹೊಟ್ಟೆ ದಾಟಿ, ಸಣ್ಣಕರುಳು ದಾಟಿ, ದೊಡ್ಡಕರುಳಿನವರೆಗೆ ಹೋಗುತ್ತದೆ. ದಾರಿಯುದ್ದಕ್ಕೂ ಅದರ ಕೆಲಸ ಒಂದೇ: ಜೊತೆಗಿರುವ ಊಟವನ್ನು ಮಂದ ಮಾಡುವುದು.

ಮಂದವಾದರೆ ಏನಾಯಿತು? ಒಂದು ಲೆಕ್ಕ ನೋಡಿ. ಆರೋಗ್ಯವಂತರ ಇಡೀ ರಕ್ತದಲ್ಲಿ ಬರಿಹೊಟ್ಟೆಯಲ್ಲಿ ಓಡಾಡುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಇನ್ನೂರು ಗ್ರಾಂ ಅನ್ನ ಉಂಡರೆ ಅದರಿಂದ ಬರುವ ಗ್ಲೂಕೋಸ್ 50 ಗ್ರಾಂ ದಾಟುತ್ತದೆ, ಅಂದರೆ ರಕ್ತದಲ್ಲಿರುವುದರ ಹತ್ತು ಪಟ್ಟು. ಅಷ್ಟೂ ಒಮ್ಮೆಗೇ ರಕ್ತಕ್ಕೆ ಬಂದರೆ ಇನ್ಸುಲಿನ್ ಸಾಕಾಗುವುದಿಲ್ಲ. ನಿಧಾನವಾಗಿ ಬಂದರೆ, ಬರುತ್ತಿದ್ದಂತೆ ಸ್ನಾಯುಗಳೂ ಯಕೃತ್ತೂ ಎತ್ತಿಕೊಳ್ಳುತ್ತವೆ. ಲೋಳೆ ಗ್ಲೂಕೋಸನ್ನು ತಡೆದು ಹೊರಗೆ ಕಳಿಸಿಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಮುಖ್ಯವಾಗಿ ಸರದಿಯಲ್ಲಿ ನಿಲ್ಲಿಸುತ್ತದೆ.

ಮೊದಲ ಸರದಿ ಜಠರದ ಬಾಗಿಲಲ್ಲಿ. ಅಲ್ಲಿಂದ ಊಟ ಸಣ್ಣಕರುಳಿಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಮಂದವಾಗಿದ್ದರೆ ಇನ್ನೂ ತಡವಾಗಿ. ಆದರೆ ದೊಡ್ಡ ಕೆಲಸ ನಡೆಯುವುದು ಸಣ್ಣಕರುಳಿನಲ್ಲಿ. ಅಲ್ಲಿ ಎರಡು ಆಗಬೇಕು. ಕಿಣ್ವಗಳು ಪಿಷ್ಟದ ಹತ್ತಿರ ಹೋಗಬೇಕು, ಹಾಗೆ ಬಿಡಿಯಾದ ಸಕ್ಕರೆ ಕರುಳಿನ ಗೋಡೆಯ ಹತ್ತಿರ ಬರಬೇಕು. ಗೋಡೆಯಲ್ಲಿರುವ ಸಾಗಣೆ ಪ್ರೋಟೀನುಗಳು ಗೋಡೆ ಮುಟ್ಟಿದ ಗ್ಲೂಕೋಸನ್ನು ಮಾತ್ರ ಒಳಗೆ ಎಳೆದುಕೊಳ್ಳಬಲ್ಲವು. ಕರುಳು ಹಿಂಡುತ್ತಾ ಕದಡುತ್ತಾ ಇರುವುದೇ ಅದಕ್ಕಾಗಿ, ನಡುವೆ ಇರುವ ಸಕ್ಕರೆ ಅಂಚಿಗೆ ಬರಲಿ ಎಂದು. ಪಾನಕದ ನೀರಿಗೆ ಬೆಲ್ಲ ಹಾಕಿ ಸೌಟು ಎರಡು ಸುತ್ತು ತಿರುಗಿಸಿದರೆ ಸಾಕು, ಸಿಹಿ ಎಲ್ಲ ಕಡೆ ಹರಡುತ್ತದೆ. ಗಟ್ಟಿ ಅಂಬಲಿಗೆ ಹಾಕಿ ತಿರುಗಿಸಿ ನೋಡಿ, ಸೌಟು ಹೋದ ಕಡೆ ಮಾತ್ರ ಸಿಹಿ. ಲೋಳೆ ಸೇರಿದ ಊಟವೂ ಹಾಗೆಯೇ ಸರಿಯಾಗಿ ಕದಡುವುದಿಲ್ಲ. ಗೋಡೆಗೆ ಒತ್ತಿಕೊಂಡಂತೆ ಕದಡದ ನೀರಿನ ಒಂದು ತೆಳುಪದರ ಯಾವಾಗಲೂ ಇರುತ್ತದೆ, ಅದೂ ದಪ್ಪವಾಗುತ್ತದೆ. ಗ್ಲೂಕೋಸ್ ಅದರೊಳಗೆ ತೆವಳಿಕೊಂಡು ಬರಬೇಕು. ಸಣ್ಣಕರುಳಿನ ಮೊದಲ ಭಾಗದಲ್ಲೇ ಬಹುಪಾಲು ಮುಗಿಯಬೇಕಿದ್ದ ಹೀರುವಿಕೆ ಮುಂದಿನ ಭಾಗಗಳಿಗೂ ಹಂಚಿಹೋಗುತ್ತದೆ.

ಕೆಲಸ ಮಾಡುವುದು ಈ ಮಂದತನವೇ ಎನ್ನುವುದಕ್ಕೆ ಪುರಾವೆ ಏನು? ನನಗೆ ತುಂಬ ಇಷ್ಟವಾದ ಪ್ರಯೋಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದು. 1986ರಲ್ಲಿ ಆರ್.ಡಿ. ಶರ್ಮಾ ಅದನ್ನು ಪ್ರಕಟಿಸಿದರು. ಅವರು ಮೆಂತ್ಯವನ್ನು ಹಲವು ರೂಪಗಳಲ್ಲಿ ಜನರಿಗೆ ಕೊಟ್ಟು ನೋಡಿದರು: ಇಡೀ ಬೀಜ, ಎಣ್ಣೆ ತೆಗೆದ ಬೀಜ, ಬೇಯಿಸಿದ ಬೀಜ, ಬೇರ್ಪಡಿಸಿದ ಗೋಂದು ಮಾತ್ರ, ಗೋಂದು ತೆಗೆದ ಬೀಜ, ಬೇಯಿಸಿದ ಸೊಪ್ಪು. ರಕ್ತದ ಸಕ್ಕರೆಯ ಏರಿಕೆಯನ್ನು ಗೆರೆ ಎಳೆದು, ಗೆರೆಯ ಕೆಳಗಿನ ಜಾಗ ಎಷ್ಟು ತಗ್ಗಿತು ಎಂದು ಅಳೆದರು. ಇಡೀ ಬೀಜದಿಂದ ಶೇಕಡಾ 42ರಷ್ಟು, ಬರೀ ಗೋಂದಿನಿಂದ 37ರಷ್ಟು, ಬೇಯಿಸಿದ ಬೀಜದಿಂದ 35ರಷ್ಟು ತಗ್ಗಿತ್ತು. ಗೋಂದು ತೆಗೆದ ಬೀಜದಿಂದಲೂ ಸೊಪ್ಪಿನಿಂದಲೂ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಮೆಂತ್ಯ ಅಂದರೆ ಕಹಿ, ಕಹಿ ಅಂದರೆ ಸಿಹಿಗೆ ಮದ್ದು ಎಂಬ ನಮ್ಮ ನಂಬಿಕೆಗೆ ಈ ಪ್ರಯೋಗದಲ್ಲಿ ಬೆಂಬಲವಿಲ್ಲ.

ಅದಕ್ಕೂ ಮೊದಲು, 1978ರಲ್ಲಿ, ಇಂಗ್ಲೆಂಡಿನಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಗೋರಿಕಾಯಿಯ ಗೋಂದಿನಿಂದ ಇದೇ ಮಾತನ್ನು ಬೇರೆ ದಾರಿಯಲ್ಲಿ ತೋರಿಸಿದ್ದರು. ಗೋಂದಿನ ಸರಪಳಿಯನ್ನು ತುಂಡು ತುಂಡು ಮಾಡಿ ಕೊಟ್ಟಾಗ ಅದರ ಪರಿಣಾಮವೇ ಇಲ್ಲವಾಯಿತು. ವಸ್ತು ಅದೇ, ಹೋದದ್ದು ಮಂದತನ ಮಾತ್ರ.

ಇಲ್ಲಿಂದ ಅಡುಗೆಮನೆಗೆ ಬರೋಣ. ಸೋದರತ್ತೆಯ ನೀರಿನ ಗತಿ ಈಗ ತಿಳಿಯಿತು. ಇಡೀ ಕಾಳಿನಲ್ಲಿ ಲೋಳೆ ಸಿಪ್ಪೆಯ ಒಳಗಡೆಗೆ ಅಂಟಿ ಕೂತಿದೆ. ರಾತ್ರಿಯಿಡೀ ನೆನೆದರೂ ನೀರಿಗೆ ಬಿಡುವುದು ಸ್ವಲ್ಪ, ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ನೀರು ಮಂದವಾಗಿಲ್ಲದಿದ್ದರೆ ಅದರಲ್ಲಿ ಲೋಳೆ ಇಲ್ಲ, ಇದಕ್ಕೆ ಬೇರೆ ಪರೀಕ್ಷೆ ಬೇಡ. ಅದೂ ಅಲ್ಲದೆ ಅವರು ಕುಡಿಯುತ್ತಿದ್ದುದು ಆರು ಗಂಟೆಗೆ, ತಿಂಡಿ ಒಂಬತ್ತಕ್ಕೆ. ಲೋಳೆ ಕೆಲಸ ಮಾಡಬೇಕಾದರೆ ಊಟದ ಜೊತೆ ಬೆರೆತಿರಬೇಕು. ಒಣಕಾಳನ್ನು ಮಾತ್ರೆಯ ಹಾಗೆ ನುಂಗುವವರದೂ ಇದೇ ಕಥೆ. ಗಟ್ಟಿ ಸಿಪ್ಪೆ ಒಡೆದು ಲೋಳೆ ಬಿಚ್ಚಿಕೊಳ್ಳುವಷ್ಟರಲ್ಲಿ ಊಟ ಮುಂದೆ ಹೋಗಿರುತ್ತದೆ. ನೆನೆದ ಕಾಳನ್ನು ಅಗಿದು ತಿನ್ನಬೇಕು, ಇಲ್ಲವೇ ಪುಡಿ ಮಾಡಬೇಕು.

ಮೊಳಕೆ ಕಟ್ಟಿದ ಮೆಂತ್ಯ ಇನ್ನೂ ಒಳ್ಳೆಯದು ಎನ್ನುವವರಿದ್ದಾರೆ. ಕಹಿ ಕಡಿಮೆಯಾಗುವುದು ನಿಜ. ಆದರೆ ಸಸಿ ಬುತ್ತಿ ಬಿಚ್ಚಿ ಉಣ್ಣುವುದು ಆಗಲೇ ಅಲ್ಲವೇ? ಬೇರು ಬಂದು ಎರಡು ಮೂರು ದಿನವಾದರೆ ಲೋಳೆಯ ಬಹುಪಾಲು ಖರ್ಚಾಗಿರುತ್ತದೆ. ಈಗ ಮೊಳಕೆಯ ಕಾಳನ್ನು ಹಿಚುಕಿದರೆ ಬೆರಳಿಗೆ ಮೊದಲಿನ ಜಾರಿಕೆ ಸಿಗುವುದಿಲ್ಲ.

ಇನ್ನು ಪ್ರಮಾಣ. ಒಂದು ಟೀ ಚಮಚ ಮೆಂತ್ಯ ಸುಮಾರು 4 ಗ್ರಾಂ, ಅದರಲ್ಲಿ ಗೋಂದು ಕಾಲುಭಾಗ ಎಂದು ಹಿಡಿದರೆ 1 ಗ್ರಾಂ. ದೋಸೆಗೆ ಅಕ್ಕಿ, ಉದ್ದಿನ ಜೊತೆ ಎರಡು ಚಮಚ ಮೆಂತ್ಯ ನೆನೆಹಾಕಿ ಮೂವತ್ತು ದೋಸೆ ಹೊಯ್ದರೆ, ನಾಲ್ಕು ದೋಸೆ ತಿಂದವರ ಹೊಟ್ಟೆಗೆ ಹೋಗುವುದು ಕಾಲು ಗ್ರಾಂ ಚಿಲ್ಲರೆ. ದೋಸೆಯ ಬಣ್ಣಕ್ಕೆ ಸಾಕು, ಕರುಳಿನ ಸರದಿಗೆ ಸಾಲದು. ಹೈದರಾಬಾದಿನ ಅದೇ ಬಳಗ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳಿಗೆ ಕೊಟ್ಟದ್ದು ಎಣ್ಣೆ ತೆಗೆದ ಮೆಂತ್ಯದ ಪುಡಿ ದಿನಕ್ಕೆ 100 ಗ್ರಾಂ, ಎರಡು ಹೊತ್ತಿಗೆ ಹಂಚಿ. ಅಷ್ಟು ತಿನ್ನುವುದು ಮನೆಯಲ್ಲಿ ಆಗುವ ಮಾತಲ್ಲ, ಅದರ ಕಾಲುಭಾಗವಾದ 25 ಗ್ರಾಂ ಕೂಡ ಆರು ಚಮಚ ಆಗುತ್ತದೆ. ಆದರೆ ಬೇಯಿಸಿದರೂ ಲೋಳೆಯ ಗುಣ ಬಹುಮಟ್ಟಿಗೆ ಉಳಿಯುತ್ತದೆ ಎಂದು ಶರ್ಮಾ ಅವರ ಅಂಕಿಗಳೇ ಹೇಳುತ್ತವೆ. ಹಾಗಾಗಿ ಚಪಾತಿ ಹಿಟ್ಟಿಗೆ ಎರಡು ಚಮಚ ಪುಡಿ ಕಲಸಬಹುದು, ಮಜ್ಜಿಗೆಗೆ ಬೆರೆಸಿ ಐದು ನಿಮಿಷ ಬಿಟ್ಟು, ಮಂದವಾದ ಮೇಲೆ ಊಟದೊಂದಿಗೆ ಕುಡಿಯಬಹುದು.

ಪುಡಿಯನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಬೇಡ. ಗಂಟಲಲ್ಲಿ ಸಿಕ್ಕಿ ಅಲ್ಲೇ ಉಬ್ಬಬಹುದು. ತೂಕ ಇಳಿಸಲೆಂದು ಅಮೆರಿಕದಲ್ಲಿ ಮಾರುತ್ತಿದ್ದ ಗೋರಿಕಾಯಿ ಗೋಂದಿನ ಮಾತ್ರೆಗಳು 1990ರ ಸುಮಾರಿಗೆ ಹಲವರ ಅನ್ನನಾಳ ಕಟ್ಟಿಸಿ ಆಸ್ಪತ್ರೆ ಸೇರಿಸಿದ್ದವು. ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರವೂ ಭೇದಿಯೂ ಆಗುತ್ತವೆ, ಏಕೆಂದರೆ ನಾವು ಬಿಚ್ಚಲಾರದ ಸರಪಳಿಯನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಬಿಚ್ಚಿ ಗಾಳಿ ಬಿಡುತ್ತವೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಊಟಕ್ಕೆ ಮೊದಲು ಚುಚ್ಚಿಕೊಂಡ ಬೇಗ ಕೆಲಸ ಮಾಡುವ ಇನ್ಸುಲಿನ್ ಸಕ್ಕರೆ ಬರುತ್ತದೆಂದು ಕಾದಿರುತ್ತದೆ, ಸಕ್ಕರೆ ಸರದಿಯಲ್ಲಿ ನಿಂತಿರುತ್ತದೆ. ಆ ಹೊತ್ತಿಗೆ ಬೆವರು, ನಡುಕ, ತಲೆಸುತ್ತು ಬರಬಹುದು. ಲೋಳೆ ಮಾತ್ರೆಗಳನ್ನೂ ಸುತ್ತಿಕೊಂಡು ತಡ ಮಾಡಬಹುದು. ಬಸುರಿಯರು ಅಡುಗೆಗೆ ಹಾಕುವಷ್ಟಕ್ಕೇ ನಿಲ್ಲಿಸುವುದು ಕ್ಷೇಮ. ಕಡಲೆಕಾಯಿ ಅಥವಾ ಕಡಲೆ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು.

ಮನೆಯ ಗ್ಲೂಕೋಮೀಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಮಾತು. ಊಟವಾಗಿ ಒಂದು ಗಂಟೆಗೆ ಮಾತ್ರ ಬೆರಳು ಚುಚ್ಚಿ ನೋಡಿ ಹಿಗ್ಗಬೇಡಿ. ಏರಿಕೆ ತಗ್ಗಿದೆಯೋ ಅಥವಾ ಬರೀ ಮುಂದಕ್ಕೆ ಹೋಗಿದೆಯೋ ಎಂದು ತಿಳಿಯಲು ಎರಡನೆಯ ಗಂಟೆಗೂ ನೋಡಬೇಕು. ಒಂದು ದಿನ ಮೆಂತ್ಯವಿಲ್ಲದೆ, ಇನ್ನೊಂದು ದಿನ ಮೆಂತ್ಯದೊಂದಿಗೆ, ಅಷ್ಟೇ ಅನ್ನ, ಅದೇ ಸಾರು, ಅದೇ ಹೊತ್ತು. ಒಂದು ದಿನದ ಇಂಥ ಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆಯಿಂದ ಈ ಲೋಳೆಯ ಕೈಚಳಕ ತಿಳಿಯುವುದಿಲ್ಲ. ರಾತ್ರಿಯೆಲ್ಲ ಆ ಸಕ್ಕರೆಯನ್ನು ಹೊರಗೆ ಬಿಡುವುದು ಯಕೃತ್ತು, ಆಗ ಕರುಳಿನಲ್ಲಿ ತಡೆಯಲು ಊಟವೇ ಇರುವುದಿಲ್ಲ.

ಸೋದರತ್ತೆ ಈಗ ವೈದ್ಯರನ್ನು ಕೇಳಿಕೊಂಡು, ನೆನೆಸಿದ ಕಾಳನ್ನು ಮೊಸರಿನ ಜೊತೆ ರುಬ್ಬಿ ಮಧ್ಯಾಹ್ನದ ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ಬೆಳಿಗ್ಗೆಯ ನೀರನ್ನು ಬಿಟ್ಟಿಲ್ಲ. ಅದು ಅಭ್ಯಾಸ, ಇರಲಿ ಬಿಡು ಎನ್ನುತ್ತಾರೆ.