ಆಫ್‌ಸೈಡ್: ಚೆಂಡನ್ನು ಒದ್ದ ಆ ಕ್ಷಣ

ಕಬಡ್ಡಿ, ಖೋಖೋಗಳಲ್ಲಿ ಗೆರೆಯೆಂದರೆ ಸುಣ್ಣದಿಂದ ಎಳೆದ ಗೆರೆ. ಎಲ್ಲರ ಕಣ್ಣಿಗೂ ಕಾಣುವಂಥದು. ಕಾಲ್ಚೆಂಡಾಟದ ಆಫ್‌ಸೈಡ್ ಗೆರೆಯನ್ನಾದರೋ ಯಾರೂ ಎಳೆದಿರುವುದಿಲ್ಲ. ಅದು ಎದುರಾಳಿಗಳೊಡನೆ ತಾನೂ ಓಡಾಡುತ್ತಿರುತ್ತದೆ. ಮೈದಾನದ ಅಂಚಿನಲ್ಲಿ ನಿಂತವರು ತೀರ್ಪುಗಾರನ ಮೇಲೆ ಹರಿಹಾಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಎದುರಾಳಿಯ ಅರ್ಧದೊಳಗೆ, ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಹಿಂದಿನಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಸಮೀಪವಾಗಿರುವುದೇ ಆಫ್‌ಸೈಡ್ ಸ್ಥಾನ. ಕೈತೋಳುಗಳು ಲೆಕ್ಕಕ್ಕಿಲ್ಲ, ಸಮಸಮನಾಗಿ ನಿಂತರೆ ದೋಷವಿಲ್ಲ. ಆದರೆ ಈ ಸ್ಥಾನದಲ್ಲಿ ಇರುವುದೇ ಅಪರಾಧವಲ್ಲವೆಂಬುದನ್ನು ಅನೇಕರು ಮರೆಯುತ್ತಾರೆ.

ಹಾವೇರಿ ಮತ್ತು ರಾಣೇಬೆನ್ನೂರಿನ ಹುಡುಗರು ಆಡುತ್ತಿದ್ದಾರೆ, ಬ್ಯಾಡಗಿಯ ಅಧ್ಯಾಪಕರೊಬ್ಬರು ಧ್ವಜ ಹಿಡಿದು ಗೆರೆಯಗುಂಟ ಓಡುತ್ತಿದ್ದಾರೆ ಎಂದು ಭಾವಿಸೋಣ. ಹಾವೇರಿಯ ಮುಂಚೂಣಿ ಆಟಗಾರನು ರಾಣೇಬೆನ್ನೂರಿನ ಕೊನೆಯ ರಕ್ಷಕನಿಗೆ ಸಮನಾಗಿದ್ದಾಗ ಜೊತೆಗಾರನು ಚೆಂಡನ್ನು ಒದೆಯುತ್ತಾನೆ. ಚೆಂಡು ತಲುಪುವಾಗ ಅವನು ರಕ್ಷಕನಿಂದ ಐದು ಮೀಟರ್ ಮುಂದೆ ಒಬ್ಬನೇ ಇದ್ದಾನೆ. ನೋಡುವವರಿಗೆ ಅನ್ಯಾಯವೆನಿಸಿದರೂ ಅದು ಸರಿಯಾದ ಆಟವೇ. ಪಾದವು ಚೆಂಡಿಗೆ ತಾಗಿದ ಕ್ಷಣದಲ್ಲಿ ಎಲ್ಲಿದ್ದನೆಂಬುದೊಂದೇ ಪ್ರಶ್ನೆ. ಇದಕ್ಕೆ ತದ್ವಿರುದ್ಧವಾಗಿ, ಆ ಕ್ಷಣದಲ್ಲಿ ಮುಂದಿದ್ದವನು ಹಿಂದಕ್ಕೆ ಓಡಿಬಂದು ಚೆಂಡನ್ನು ಪಡೆದರೂ ಆಫ್‌ಸೈಡೇ.

ಬ್ಯಾಡಗಿಯ ಅಧ್ಯಾಪಕರ ಕಷ್ಟವನ್ನೂ ನೋಡಿರಿ. ಆಕ್ರಮಣಕಾರನು ಗೋಲಿನ ಕಡೆಗೆ, ರಕ್ಷಕನು ಅದರಿಂದ ದೂರಕ್ಕೆ, ತಲಾ ಸೆಕೆಂಡಿಗೆ ಐದು ಮೀಟರಿನಂತೆ ಓಡುತ್ತಿದ್ದರೆ, ಒದೆತವನ್ನು ನೋಡಿ ಕಣ್ಣು ಹೊರಳಿಸುವ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿಯೇ ಇಬ್ಬರ ನಡುವೆ ಎರಡು ಮೀಟರ್ ಅಂತರ ಬಿದ್ದಿರುತ್ತದೆ. ಆದುದರಿಂದ ಅನುಭವಿಗಳು ಕೊನೆಯ ರಕ್ಷಕನ ನೇರದಲ್ಲಿಯೇ ದೃಷ್ಟಿಯನ್ನಿಟ್ಟು, ಒದೆತದ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾರೆ.

ಇನ್ನು ಆಟದಲ್ಲಿ ಪಾಲ್ಗೊಳ್ಳುವ ಮಾತು. ಹಾವೇರಿಯವನೊಬ್ಬನು ಆಫ್‌ಸೈಡ್ ಸ್ಥಾನದಲ್ಲಿ ಗೋಲಿನ ಬದಿಗೆ ಸುಮ್ಮನೆ ನಿಂತಿರುವಾಗ ಜೊತೆಗಾರನ ಒದೆತ ನೇರವಾಗಿ ಬಲೆ ಸೇರಿದರೆ ಅದು ಗೋಲು. ಅವನೇ ಗೋಲಿಯ ಕಣ್ಣಿಗೆ ಅಡ್ಡವಾಗಿ ನಿಂತಿದ್ದರೆ ಗೋಲಲ್ಲ. ಚೆಂಡು ಕಂಬಕ್ಕೆ ಬಡಿದು ಅವನ ಕಾಲಿಗೇ ಬಂದರೂ, ಅದನ್ನು ಅವನು ಆಡಿದೊಡನೆ ಅಪರಾಧ. ಮೊದಲಿನ ಒದೆತದ ಕ್ಷಣವೇ ಪ್ರಮಾಣ.

ಆದರೆ ಮುಟ್ಟದೆ, ಅಡ್ಡವೂ ನಿಲ್ಲದೆ, ಚೆಂಡಿನೊಡನೆ ಓಡಿದರೆ? ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 2023ರ ಜನವರಿ 14ರಂದು ಹೀಗೆಯೇ ಆಯಿತು. ಯುನೈಟೆಡ್ ತಂಡದ ರಾಶ್‌ಫರ್ಡ್ ಆಫ್‌ಸೈಡ್ ಸ್ಥಾನದಿಂದ ಹೊರಟು ಚೆಂಡಿನ ಜೊತೆಜೊತೆಗೇ ಓಡಿದರೂ ಮುಟ್ಟಲಿಲ್ಲ. ಹಿಂದಿನಿಂದ ಬಂದ ಬ್ರೂನೊ ಫರ್ನಾಂಡಿಸ್ ಗೋಲು ಹೊಡೆದರು. ಸಹಾಯಕನ ಧ್ವಜ ಮೇಲೇರಿತ್ತು. ತೀರ್ಪುಗಾರರು ಆತನೊಡನೆ ಮಾತನಾಡಿ ಗೋಲನ್ನು ಮನ್ನಿಸಿದರು. ಯುನೈಟೆಡ್ 2–1ರಿಂದ ಸಿಟಿ ತಂಡವನ್ನು ಸೋಲಿಸಿತು. ರಾಶ್‌ಫರ್ಡ್ ಓಡದಿದ್ದರೆ ರಕ್ಷಕರು ಚೆಂಡಿನತ್ತ ಬೇರೆ ರೀತಿ ನುಗ್ಗುತ್ತಿದ್ದರೆಂದೇ ನನ್ನೆಣಿಕೆ. ಬ್ಯಾಡಗಿಯ ಅಧ್ಯಾಪಕರು ಅಲ್ಲಿದ್ದಿದ್ದರೆ ಅವರೂ ಧ್ವಜವನ್ನು ಎತ್ತುತ್ತಿದ್ದರೇನೋ.