ಹಿಮಗಟ್ಟಿದ ಕೋಳಿ: ಕರಗಿಸುವ ಮೂರು ವಿಧಾನಗಳು

ಊರಿನ ಮನೆಗಳಲ್ಲಿ ಬೆಳಗ್ಗೆ ಕೊಯ್ದ ಕೋಳಿ ಮಧ್ಯಾಹ್ನದೊಳಗೆ ಸಾರಾಗಿಬಿಡುತ್ತಿತ್ತು. ಅದನ್ನು ಕಾಪಿಡುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಹಾನಗರದ ಸಂಸಾರದಲ್ಲಿ ಹಾಗಲ್ಲ. ಬಿಡುವಿದ್ದ ದಿನ ತಂದ ಕೋಳಿ ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ, ಭಾನುವಾರಕ್ಕಾಗಿ ಕಾಯುತ್ತಿರುತ್ತದೆ.

ಮುಂಬಯಿಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮೇ ತಿಂಗಳ ಭಾನುವಾರ, ಮಧ್ಯಾಹ್ನ 1 ಗಂಟೆಗೆ ನೆಂಟರು ಬರುವವರಿದ್ದಾರೆ. ಗೃಹಿಣಿ ಬೆಳಗ್ಗೆ 6ಕ್ಕೆ ಎದ್ದು, ಒಂದೂಕಾಲು ಕಿಲೋ ತೂಕದ ಇಡೀ ಕೋಳಿಯನ್ನು ತಟ್ಟೆಯಲ್ಲಿಟ್ಟು ಅಡುಗೆಕಟ್ಟೆಯ ಮೇಲೆ ಬಿಡುತ್ತಾರೆ. 8ಕ್ಕೆ ಬಂದು ಬೆರಳಿನಿಂದ ಒತ್ತಿ ನೋಡಿದರೆ ಮೇಲೆ ಮೆತ್ತಗೆ, ಒಳಗೆ ಇನ್ನೂ ಗಟ್ಟಿ. ‘ಇನ್ನಷ್ಟು ಹೊತ್ತು ಇರಲಿ’ ಎಂದು 11ರವರೆಗೆ ಬಿಡುತ್ತಾರೆ. ನೋಡುವವರಿಗೆ ಇದರಲ್ಲಿ ಯಾವ ತಪ್ಪೂ ಕಾಣದು. ತಪ್ಪು ಇರುವುದು ಕೋಳಿಯ ಒಳಭಾಗದಲ್ಲಲ್ಲ, ಹೊರಮೈಯಲ್ಲಿ.

ಹೊರಗೊಂದು ಗಡಿಯಾರ, ಒಳಗೊಂದು ಗಡಿಯಾರ

ಕೋಳಿಮಾಂಸದ ಸುಮಾರು ಮುಕ್ಕಾಲು ಪಾಲು ನೀರು. ಮಂಜುಗಡ್ಡೆಯಾಗಿರುವ ಈ ನೀರು ಕರಗಲು ಬಹಳ ಶಾಖ ಬೇಕು. ಒಂದು ಲೋಟ ಮಂಜುಗಡ್ಡೆಯನ್ನು ಕೇವಲ ಕರಗಿಸುವುದಕ್ಕೆ ತಗಲುವ ಶಾಖದಿಂದ ಅಷ್ಟೇ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಬಿಸಿ ಮಾಡಬಹುದು. ಈ ಶಾಖವೆಲ್ಲ ಹೊರಗಿನಿಂದ, ಚರ್ಮದ ಮೂಲಕವೇ ಒಳಕ್ಕೆ ಸಾಗಬೇಕು. ಮೊದಲು ಕರಗಿದ ಹೊರಪದರ, ಗಟ್ಟಿಯಾಗಿದ್ದಾಗಿನಷ್ಟು ಬೇಗ ಶಾಖವನ್ನು ಒಳಗೆ ದಾಟಿಸುವುದಿಲ್ಲ. ಹೀಗಾಗಿ ಎಲುಬಿನ ಬಳಿ ಮಂಜು ಉಳಿದಿರುವಾಗಲೇ ಚರ್ಮವು ಅಡುಗೆಮನೆಯ ಬಿಸಿಗೆ ಸಮೀಪಿಸಿರುತ್ತದೆ.

ಫ್ರೀಜರಿನ ಚಳಿ ರೋಗಾಣುಗಳನ್ನು ಕೊಲ್ಲುತ್ತದೆಂಬ ನಂಬಿಕೆ ಸರಿಯಲ್ಲ. ಅದು ಅವುಗಳ ಬೆಳವಣಿಗೆಯನ್ನು ತಡೆದಿಡುತ್ತದೆ, ಅಷ್ಟೆ. ಹಸಿ ಕೋಳಿಯಲ್ಲಿ ಸಾಮಾನ್ಯವಾಗಿ ಇರಬಹುದಾದ ಸಾಲ್ಮೊನೆಲ್ಲದಂತಹ ರೋಗಾಣುಗಳು ಬೆಚ್ಚಗಾದೊಡನೆ ಎಚ್ಚೆತ್ತು ವೃದ್ಧಿಯಾಗತೊಡಗುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯನ್ನು ಆಹಾರತಜ್ಞರು ಅಪಾಯದ ವಲಯವೆನ್ನುತ್ತಾರೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ರೋಗಾಣುವೊಂದು ನಾಲ್ಕು ಗಂಟೆಯಲ್ಲಿ 256 ಪಟ್ಟಾಗುತ್ತದೆ. ಆದುದರಿಂದ ಕರಗಿಸುವ ವಿಧಾನವನ್ನು ಅಳೆಯಬೇಕಾದುದು ‘ಎಷ್ಟು ಬೇಗ ಕರಗಿತು’ ಎಂಬುದರಿಂದಲ್ಲ, ‘ಒಳಗು ಕರಗುವವರೆಗೆ ಹೊರಮೈ ಎಷ್ಟು ತಣ್ಣಗಿತ್ತು’ ಎಂಬುದರಿಂದ.

ಅಡುಗೆಕಟ್ಟೆಯ ಮೇಲೆ

ಈ ಅಳತೆಯಲ್ಲಿ ಅಡುಗೆಕಟ್ಟೆಯ ವಿಧಾನ ಸೋಲುತ್ತದೆ. ಬೇಗ ಕೆಡುವ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು. 32 ಡಿಗ್ರಿ ಮೀರಿದ ಸೆಕೆಯಲ್ಲಿ 1 ಗಂಟೆಯೇ ಮಿತಿ. ಮೇಲೆ ಹೇಳಿದ ಕೋಳಿ 5 ಗಂಟೆಗಳ ಕಾಲ ಹೊರಗಿತ್ತು. ಇಡೀ ಕೋಳಿ ಆ ಮಿತಿಯೊಳಗೆ ಕರಗುವುದೇ ಇಲ್ಲವಾದ್ದರಿಂದ ಈ ಕ್ರಮವನ್ನು ಬಿಡುವುದೇ ಲೇಸು. ಬಿಸಿನೀರಿನಲ್ಲಿ ಮುಳುಗಿಸುವುದಕ್ಕೂ ಇದೇ ಆಕ್ಷೇಪಣೆ ಸಲ್ಲುತ್ತದೆ.

‘ಹೇಗೂ ಕುದಿಸುತ್ತೇವಲ್ಲ’ ಎಂಬ ಸಮಾಧಾನ ಅನೇಕರದು. ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುವುದು ನಿಜ. ಆದರೆ ಸ್ಟೆಫಿಲೊಕಾಕಸ್ ಎಂಬ ಜಾತಿಯ ರೋಗಾಣು ಬೆಳೆಯುವಾಗ ಬಿಡುವ ವಿಷ ಕುದಿತಕ್ಕೂ ಜಗ್ಗದು. ಅಲ್ಲದೆ ತಟ್ಟೆಯಿಂದ ಹರಿದ ನೀರು ಪಕ್ಕದ ಕೊತ್ತಂಬರಿ ಸೊಪ್ಪಿಗೋ ಕೋಸಂಬರಿಯ ಸೌತೆಕಾಯಿಗೋ ತಗಲಿದರೆ, ಅವನ್ನು ಯಾರೂ ಕುದಿಸುವುದಿಲ್ಲ.

ತಣ್ಣೀರಿನಲ್ಲಿ

ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿ ಚೆನ್ನಾಗಿ ಶಾಖವನ್ನು ಸಾಗಿಸಬಲ್ಲುದು. ಆದುದರಿಂದ ತಣ್ಣನೆಯ ನೀರಿನಲ್ಲಿಯೂ ಕೋಳಿ ಬೇಗ ಕರಗುತ್ತದೆ. ಚರ್ಮವೂ ತಣ್ಣಗೇ ಉಳಿಯುತ್ತದೆ. ಕೋಳಿಯನ್ನು ಸೋರದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹೊರಡಿಸಿ, ಬಾಯಿ ಬಿಗಿದು ಪೂರ್ತಿ ಮುಳುಗಿಸಬೇಕು. ತೇಲಿದರೆ ಮೇಲೊಂದು ತಟ್ಟೆಯ ಭಾರ ಹೇರಬೇಕು. ಅರ್ಧ ಗಂಟೆಗೊಮ್ಮೆ ನೀರು ಬದಲಿಸಬೇಕು. ಅರ್ಧ ಕಿಲೋಗೆ ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಂತೆ ಒಂದೂಕಾಲು ಕಿಲೋ ಕೋಳಿಗೆ ಹೆಚ್ಚುಕಡಿಮೆ 2 ಗಂಟೆ ಬೇಕು.

ಇಲ್ಲಿ ನಮ್ಮ ನಗರಗಳ ನಿವಾಸಿಗಳು ಗಮನಿಸಬೇಕಾದ ಮಾತೊಂದಿದೆ. ಈ ಕ್ರಮವನ್ನು ರೂಪಿಸಿದ ಶೀತದೇಶಗಳಲ್ಲಿ ನಲ್ಲಿಯ ನೀರೇ ತಣ್ಣಗಿರುತ್ತದೆ. ಬೇಸಗೆಯಲ್ಲಿ ಚೆನ್ನೈ, ಹೈದರಾಬಾದು, ದೆಹಲಿಗಳ ಮಹಡಿಯ ತೊಟ್ಟಿಯಿಂದ ಇಳಿಯುವ ನೀರು ತಣ್ಣೀರಲ್ಲ. ಅದು ಕಟ್ಟೆಯ ಮೇಲಿನ ಗಾಳಿಯಷ್ಟೇ ಬೆಚ್ಚಗಿರಬಹುದು. ಅದರಲ್ಲಿ ಕೋಳಿಯನ್ನಿಟ್ಟರೆ ಹೊರಮೈ ಇನ್ನೂ ಬೇಗ ಬೆಚ್ಚಗಾಗುವುದಷ್ಟೇ ಲಾಭ. ಆದ್ದರಿಂದ ಮೊದಲ ಬಾರಿಗೂ, ಬದಲಿಸುವ ಪ್ರತಿಸಲವೂ ಫ್ರಿಜ್ಜಿನಲ್ಲಿಟ್ಟ ನೀರನ್ನಾಗಲಿ ಮಂಜುಗಡ್ಡೆ ಹಾಕಿದ ನೀರನ್ನಾಗಲಿ ಬಳಸಬೇಕು. ನೀರಿನಲ್ಲಿ ಕೈಯಿಟ್ಟರೆ ಚುರುಕ್ಕೆನ್ನುವ ತಂಪಿರಬೇಕು. ಇದರಿಂದ ಸ್ವಲ್ಪ ಹೆಚ್ಚು ಹೊತ್ತು ಹಿಡಿದೀತು. ಅದು ಸಹಿಸಬೇಕಾದ ವಿಳಂಬ. ಹೀಗೆ ಕರಗಿಸಿದ ಕೋಳಿಯನ್ನು ಕೂಡಲೇ ಬೇಯಿಸಬೇಕು. ಬೇಯಿಸದೆ ಮತ್ತೆ ಫ್ರೀಜರಿಗೆ ಸೇರಿಸಕೂಡದು.

ಫ್ರಿಜ್ಜಿನಲ್ಲಿ

ಎಲ್ಲಕ್ಕಿಂತ ನಿಧಾನವಾದುದು ಫ್ರಿಜ್ಜಿನ ವಿಧಾನ. ಎಲ್ಲಕ್ಕಿಂತ ನೆಚ್ಚಬಹುದಾದುದೂ ಅದೇ. ಕೋಳಿಯನ್ನು ಫ್ರೀಜರಿನಿಂದ ತೆಗೆದು, ಆಳವಾದ ಪಾತ್ರೆಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇರಿಸಬೇಕು. ಪಾತ್ರೆ ಆಳವಾಗಿರಬೇಕಾದುದು ಕರಗಿದ ನೀರು ಚೆಲ್ಲದಿರಲಿ ಎಂದು. ಕೆಳಗಿನ ಖಾನೆ ಬೇಕಾದುದು ಅದು ಹಾಲು, ತರಕಾರಿಗಳ ಮೇಲೆ ತೊಟ್ಟಿಕ್ಕದಿರಲಿ ಎಂದು. ಒಳಗಿನ ಉಷ್ಣತೆ 4 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇದ್ದಲ್ಲಿ ಚರ್ಮವು ಕೊನೆಯವರೆಗೂ ಅಪಾಯದ ವಲಯವನ್ನು ಪ್ರವೇಶಿಸುವುದೇ ಇಲ್ಲ. ಫ್ರಿಜ್ಜಿನ ಗುಂಡಿಯ ಅಂಕಿಗಳು ಡಿಗ್ರಿಗಳಲ್ಲವಾದ್ದರಿಂದ ಒಂದು ಸಣ್ಣ ಉಷ್ಣಮಾಪಕವನ್ನು ಒಳಗಿಡುವುದು ಒಳ್ಳೆಯದು.

ಎರಡು ಕಿಲೋವರೆಗಿನ ಕೋಳಿಗೆ ಒಂದು ಪೂರ್ಣ ದಿನ ಬೇಕು. ಭಾನುವಾರದ ಊಟಕ್ಕೆ ಶನಿವಾರ ಬೆಳಗ್ಗೆಯೇ ಕೆಳಗಿಳಿಸಿದ್ದರೆ ಆ ಗೃಹಿಣಿಗೆ ಭಾನುವಾರ 10ರ ವೇಳೆಗೆ ಮಸಾಲೆ ಅರೆಯುವುದಷ್ಟೇ ಉಳಿಯುತ್ತಿತ್ತು. ನೆಂಟರು ಬಾರದೆ ಹೋದರೂ ಚಿಂತೆಯಿಲ್ಲ. ಇದೇ ಫ್ರಿಜ್ಜಿನಲ್ಲಿ ಕರಗಿದ ಕೋಳಿ ಇನ್ನೂ ಒಂದೆರಡು ದಿನ ಇರಬಲ್ಲುದು. ಬೇಕಾದರೆ ಬೇಯಿಸದೆಯೇ ಮತ್ತೆ ಫ್ರೀಜರಿನಲ್ಲಿಡಲೂಬಹುದು. ಮಾಂಸದ ಮೃದುತ್ವ ಕೊಂಚ ಕುಗ್ಗಬಹುದೇ ವಿನಾ ಅಪಾಯವಿಲ್ಲ.

ಮರೆತಾಗ ಏನು?

ಶನಿವಾರ ಮರೆತುಹೋದರೆ, ಭಾನುವಾರ ಬೆಳಗ್ಗೆ ಮಂಜುನೀರಿನ ದಾರಿ ಇದ್ದೇ ಇದೆ. ಅದಕ್ಕೂ ಸಮಯವಿಲ್ಲದಿದ್ದರೆ, ಬಿಡಿಬಿಡಿಯಾಗಿಟ್ಟ ತುಂಡುಗಳನ್ನು ಕರಗಿಸದೆಯೇ ನೇರವಾಗಿ ಕುದಿಯುವ ಸಾರಿಗೆ ಹಾಕಬಹುದು. ವಾಡಿಕೆಯ ಒಂದೂವರೆ ಪಟ್ಟು ಹೊತ್ತು ಬೇಯಿಸಿದರಾಯಿತು. ಯಾವ ವಿಧಾನದಲ್ಲೇ ಆಗಲಿ, ಒಲೆಗಿಡುವ ಮುನ್ನ ಇಡೀ ಕೋಳಿಯ ಹೊಟ್ಟೆಯೊಳಗೆ ಬೆರಳಾಡಿಸಿ ಮಂಜಿನ ಹರಳು ಉಳಿದಿದೆಯೇ ಎಂದು ನೋಡಬೇಕು, ತೊಡೆಯ ಸಂದನ್ನು ಮಡಿಸಿ ನೋಡಬೇಕು. ಅಲ್ಲಿ ಗಟ್ಟಿ ಇದ್ದರೆ ಹೊರಗೆ ಬೆಂದಂತೆ ಕಂಡರೂ ಎಲುಬಿನ ಬಳಿ ಹಸಿಯಾಗಿಯೇ ಉಳಿದೀತು. ಅತಿ ದಪ್ಪ ಭಾಗದ ಒಳಗೂ 74 ಡಿಗ್ರಿ ಮುಟ್ಟಿದರೆ ಮಾತ್ರ ಬೆಂದಿತೆಂದು ಹೇಳಬಹುದು.

ಮಾಂಸದ ವಾಸನೆಯನ್ನಾಗಲಿ ಬಣ್ಣವನ್ನಾಗಲಿ ನಂಬಿ ತೀರ್ಮಾನಿಸುವಂತಿಲ್ಲ. ಕಾಯಿಲೆ ತರುವ ರೋಗಾಣುಗಳು ವಾಸನೆ ಹುಟ್ಟಿಸಲೇಬೇಕೆಂದಿಲ್ಲ. ಬೆಳಗ್ಗೆ 6ರಿಂದ 11ರವರೆಗೆ ಮೇ ತಿಂಗಳ ಸೆಕೆಯಲ್ಲಿ ಕಟ್ಟೆಯ ಮೇಲಿದ್ದ ಆ ಕೋಳಿ ತಾಜಾ ಕೋಳಿಯಂತೆಯೇ ಕಂಡಿತೆನ್ನೋಣ. ಆದರೂ ಅದನ್ನು ನೆಂಟರಿಗೆ ಬಡಿಸದೆ ಎಸೆದುಬಿಡುವುದೇ ವಿವೇಕ.