ಎಷ್ಟು ಹೊತ್ತಿಗೊಮ್ಮೆ ಕೂಗಬೇಕು?

ಲಸಿಕೆ ಫ್ರಿಜ್‌ನೊಳಗೆ ಒಂದು ಪುಟ್ಟ ತಾಪಮಾನದ ಸೆನ್ಸರ್ ಇದೆ ಎನ್ನಿ. ಅದರ ಹೊಟ್ಟೆಯಲ್ಲಿರುವುದು ಸಿಆರ್2032 ಬಟನ್ ಸೆಲ್, ಸುಮಾರು 220 ಮಿಲಿಆಂಪ್‌ಅವರ್‌ನದು. ಅದು ಆಗಾಗ ಎಚ್ಚೆತ್ತು, ಬ್ಲೂಟೂತ್‌ನ ಮೂರು ಚಾನೆಲ್‌ಗಳಲ್ಲಿ ತನ್ನ ತಾಪಮಾನವನ್ನು ಕೂಗಿ ಮತ್ತೆ ಮಲಗುತ್ತದೆ. ಈ ಕೂಗೇ ಅಡ್ವರ್ಟೈಸಿಂಗ್.

ಒಂದು ಕೂಗಿಗೆ 12 ಮೈಕ್ರೊಕೂಲಂಬ್ ಖರ್ಚು, ನಿದ್ದೆಯಲ್ಲಿ 2 ಮೈಕ್ರೊಆಂಪ್ ಎಂದಿಟ್ಟುಕೊಳ್ಳೋಣ. 100 ಮಿಲಿಸೆಕೆಂಡಿಗೊಮ್ಮೆ ಕೂಗಿದರೆ ಸರಾಸರಿ 122 ಮೈಕ್ರೊಆಂಪ್. ಸೆಲ್ ಎರಡೂವರೆ ತಿಂಗಳಿಗೇ ಮುಗಿಯುತ್ತದೆ. ಸೆಕೆಂಡಿಗೊಮ್ಮೆಯಾದರೆ 14 ಮೈಕ್ರೊಆಂಪ್, ಲೆಕ್ಕದ ಪ್ರಕಾರ ಒಂದೂಮುಕ್ಕಾಲು ವರ್ಷ. ಚಳಿಯಲ್ಲಿ ಸೆಲ್ ಸೊರಗುವುದರಿಂದ ಫ್ರಿಜ್‌ನಲ್ಲಿ ಅಷ್ಟು ಸಿಗದು.

ಹಾಗಾದರೆ ಹತ್ತು ಸೆಕೆಂಡಿಗೊಮ್ಮೆ ಸಾಲದೇ? ಮೊಬೈಲ್ ಸದಾ ಕಿವಿಗೊಟ್ಟು ಕೂತಿರುವುದಿಲ್ಲ. ಪರದೆ ಆರಿದಾಗ ಆಗೀಗ ಚೂರು ಆಲಿಸುತ್ತದೆ, ಅಷ್ಟೇ. ಕೂಗೂ ಅಪರೂಪ, ಕಿವಿಯೂ ಅಪರೂಪವಾದರೆ ನಿಮಿಷಗಟ್ಟಲೆ ಭೇಟಿಯೇ ಆಗದು. ಆ್ಯಪ್‌ನಲ್ಲಿ ಸೆನ್ಸರ್ ಕಾಣಿಸಿ ಮಾಯವಾಗುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ಐಫೋನ್‌ಗಾಗಿ ಆ್ಯಪಲ್ ಸೂಚಿಸುವ ಅಂತರಗಳಲ್ಲಿ 1022.5 ಮಿಲಿಸೆಕೆಂಡ್ ಒಂದು. ಈ ಫ್ರಿಜ್‌ಗೆ ನಾನು ಅದನ್ನೇ ಆರಿಸುತ್ತೇನೆ.

ತಾಪಮಾನ ಕೂಗಿನಲ್ಲೇ ಅಡಗುವುದರಿಂದ ಕನೆಕ್ಷನ್ ಬೇಕಾಗುವುದು ವಾರದ ದಾಖಲೆ ಇಳಿಸಿಕೊಳ್ಳುವಾಗ ಮಾತ್ರ. ಆಗ 30 ಮಿಲಿಸೆಕೆಂಡಿನ ಅಂತರ ಕೇಳಿ, ಬೇಗ ಇಳಿಸಿ, ಕೂಡಲೇ ಕಡಿದುಕೊಳ್ಳಬೇಕು. ಸಂಪರ್ಕ ಉಳಿಸಲೇಬೇಕಾದರೆ 32 ಸರದಿ ಬಿಡುವ ಅನುಮತಿ ಪಡೆದರೆ ಸೆನ್ಸರ್ ಸುಮಾರು ಸೆಕೆಂಡಿಗೊಮ್ಮೆ ಎದ್ದರೆ ಸಾಕು. ಸಂಪರ್ಕ ಕಡಿಯುವ ಗಡುವು ಮಾತ್ರ ಎರಡು ಸೆಕೆಂಡಿಗಿಂತ ಧಾರಾಳವಾಗಿರಲಿ, ನಾಲ್ಕಿದ್ದರೆ ಒಳ್ಳೆಯದು; ಬಿಗಿಯಾದರೆ ಒಂದೆರಡು ಉತ್ತರ ತಪ್ಪಿದರೂ ಕೊಂಡಿ ಕಳಚುತ್ತದೆ.